‘ಸ್ವಲ್ಪ ನೋಡಿ’ ಎಂದಷ್ಟೇ ಬರೆದು ಕಳಿಸಿದ ವರದಿ

ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಕುರಿತು ಇನ್ನೊಂದು ಕರಡು ಅಧಿಸೂಚನೆ ಹೊರಡಿಸಿತು. 2014ರಿಂದ ಎಣಿಸಿದರೆ ಅದು ಆರನೆಯದು. ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಸಾರುವ ಪ್ರಸ್ತಾವ. ಅದರಲ್ಲಿ 20,668 ಚದರ ಕಿಲೋಮೀಟರ್ ಕರ್ನಾಟಕದ್ದೇ. ಬೆಳಗಾವಿಯಿಂದ ಚಾಮರಾಜನಗರದವರೆಗೆ ಹತ್ತು ಜಿಲ್ಲೆಗಳು, ಸುಮಾರು ಒಂದೂವರೆ ಸಾವಿರ ಹಳ್ಳಿಗಳು. ಆಕ್ಷೇಪಣೆ ಸಲ್ಲಿಸಲು 60 ದಿನ. ಭಾರತದ ರಾಜ್ಯಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಕನ್ನಡದಲ್ಲಿ ಅಲ್ಲ.

ಇಂಥ ದಾಖಲೆ ಘಟ್ಟದ ಊರಿಗೆ ತಲುಪುವುದು ವಾಟ್ಸಾಪಿನಲ್ಲಿ. ಮೊದಲು ಪಿಡಿಎಫ್, ಅದರ ಕೆಳಗೆ ಒಂದೇ ಸಾಲು. ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯೊಬ್ಬರು ಅದನ್ನು ಊರಿನ ನಿವೃತ್ತ ಮೇಷ್ಟ್ರಿಗೆ ಕಳಿಸಿ ‘ಮೇಷ್ಟ್ರೇ, ಇದನ್ನ ಸ್ವಲ್ಪ ನೋಡಿ’ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತದೆ, ಬಿಡುವೂ ಇದೆ. ಕಳಿಸಿದವರಿಗೆ ಏನು ಬೇಕು ಎನ್ನುವುದೊಂದೇ ಗೊತ್ತಿಲ್ಲ. ಹತ್ತು ಸಾಲಿನ ಸಾರಾಂಶ ಬೇಕೋ, ಮುಖ್ಯಾಂಶಗಳ ಪಟ್ಟಿ ಬೇಕೋ, ಇಡೀ ದಾಖಲೆಯನ್ನು ಊರಿನವರು ಓದುವಂತೆ ತಿಳಿಗನ್ನಡದಲ್ಲಿ ಮತ್ತೆ ಬರೆದುಕೊಡಬೇಕೋ?

ಒಂದೇ ಕೆಲಸವನ್ನು ಚಿಕ್ಕದಾಗಿ, ಮಧ್ಯಮವಾಗಿ, ದೊಡ್ಡದಾಗಿ ಮಾಡುವುದು ಎಂದು ಈ ಮೂರನ್ನೂ ತಿಳಿದವರೇ ಹೆಚ್ಚು. ಹಾಗಲ್ಲ. ಸಾರಾಂಶ ತೀರ್ಮಾನ ಮಾಡುವವರಿಗೆ. ಮುಖ್ಯಾಂಶ ಮೂಲ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ವಾದಿಸುವವರಿಗೆ, ಕೆಲಸ ಮಾಡುವವರಿಗೆ. ಮರುಬರಹ ಮೂಲವನ್ನು ಎಂದೂ ತೆರೆದು ನೋಡದ, ಆದರೆ ಅದರ ಪರಿಣಾಮ ಅನುಭವಿಸುವ ಜನಕ್ಕೆ. ಓದುವವರು ಯಾರೆಂದು ತಿಳಿಯದೆ ಉದ್ದ ಎಷ್ಟಿರಬೇಕೆಂದು ಯೋಚಿಸುವುದರಿಂದ ಉಪಯೋಗವಿಲ್ಲ.

ಅದಕ್ಕೇ ಕೇಳಬೇಕಾದ ಪ್ರಶ್ನೆ ‘ಎಷ್ಟು ಉದ್ದ ಬೇಕು?’ ಎಂಬುದಲ್ಲ. ಹಾಗೆ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ‘ಚಿಕ್ಕದಾಗಿ ಹೇಳಿ, ಸಾಕು.’ ಮೇಷ್ಟ್ರು ಫೋನು ಮಾಡಿ ‘ಇದನ್ನ ಯಾರು ಓದ್ತಾರಮ್ಮ? ಯಾವತ್ತಿಗೆ ಬೇಕು?’ ಎಂದು ಕೇಳಿದರೆ ಉತ್ತರದಲ್ಲಿ ದಾರಿ ಕಾಣುತ್ತದೆ. ‘ನಾನೇ ಓದ್ತೀನಿ, ಆಕ್ಷೇಪಣೆ ಹಾಕಬೇಕೋ ಬೇಡವೋ ಗೊತ್ತಾದ್ರೆ ಸಾಕು’ ಎಂದರೆ ಸಾರಾಂಶ. ‘ಗುರುವಾರ ತಾಲ್ಲೂಕಿನಲ್ಲಿ ಮೀಟಿಂಗು, ತಹಶೀಲ್ದಾರ್ರು ಇರ್ತಾರೆ’ ಎಂದರೆ ಮುಖ್ಯಾಂಶ. ‘ಗ್ರಾಮಸಭೆ ಕರೀಬೇಕು, ಜನ ಮನೆ ಕಟ್ಟೋಕಾಗಲ್ವಂತೆ ಅಂತ ಹೆದರಿದ್ದಾರೆ’ ಎಂದರೆ ಮರುಬರಹ. ಬೇರೆ ಯಾವುದೂ ಅಲ್ಲ.

ಇವುಗಳಲ್ಲಿ ಯಾವುದನ್ನು ಬರೆಯುವುದಾದರೂ ಮೊದಲು ದಾಖಲೆಯ ಜಾತಿ ಗುರುತಿಸಬೇಕು. ವರದಿ ಎಂಬ ಹೆಸರಿನಲ್ಲಿ ಬರುವ ಎಲ್ಲವೂ ಒಂದೇ ಬಗೆಯವಲ್ಲ. ಪಶ್ಚಿಮ ಘಟ್ಟದ ವಿಷಯದಲ್ಲೇ ಮೂರು ಬೇರೆ ಬೇರೆ ಕಾಗದಗಳು ಒಂದೇ ಹೆಸರಿನಲ್ಲಿ ಓಡಾಡಿದವು. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರ ಆಗಸ್ಟಿನಲ್ಲಿ ಕೊಟ್ಟ ವರದಿ ಒಂದು. ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರ ಏಪ್ರಿಲಿನಲ್ಲಿ ಕೊಟ್ಟದ್ದು ಇನ್ನೊಂದು. ಈ ಎರಡನೆಯದನ್ನು ಆಧರಿಸಿ ಸಚಿವಾಲಯ ಮತ್ತೆ ಮತ್ತೆ ಹೊರಡಿಸುತ್ತಿರುವ ಕರಡು ಅಧಿಸೂಚನೆ ಮೂರನೆಯದು. ಮೊದಲೆರಡು ವಾದಗಳು: ಹೀಗಿದೆ, ಆದ್ದರಿಂದ ಹೀಗೆ ಮಾಡಿದರೆ ಒಳಿತು ಎನ್ನುತ್ತವೆ. ಮೂರನೆಯದು ಕಾನೂನಾಗಲು ಹೊರಟ ಕಾಗದ. ಅದು ವಾದಿಸುವುದಿಲ್ಲ, ಕಟ್ಟಳೆ ಹೇಳುತ್ತದೆ. ಊರಿನ ಕಟ್ಟೆಯಲ್ಲಿ ಮಾತ್ರ ಈ ಮೂರಕ್ಕೂ ‘ಕಸ್ತೂರಿರಂಗನ್ ವರದಿ’ ಎಂದೇ ಹೆಸರು.

ಆದ್ದರಿಂದ ಮೇಷ್ಟ್ರ ಮೊದಲ ಕಾಲು ಗಂಟೆ ಓದುವುದರಲ್ಲಿ ಹೋಗುವುದಿಲ್ಲ, ಹುಡುಕುವುದರಲ್ಲಿ ಹೋಗುತ್ತದೆ. ಯಾರು ಹೊರಡಿಸಿದ್ದು, ಯಾವ ದಿನಾಂಕ, ಇದು ಕರಡೋ ಅಂತಿಮವೋ. ‘ನಿಷೇಧಿಸಲಾಗಿದೆ’ ಎನ್ನುವ ಅಂಶಗಳು ಯಾವ ಪುಟದಲ್ಲಿವೆ. ಉತ್ತರಿಸಲು ಗಡುವು ಎಂದು. ಆಮೇಲೆ ಕೊನೆಗೆ ಹೋಗಿ ಅನುಬಂಧ. ಸಾಮಾನ್ಯ ವರದಿಯಲ್ಲಿ ಅನುಬಂಧವನ್ನು ಬಿಟ್ಟು ಓದಿದರೆ ದೊಡ್ಡ ನಷ್ಟವಿಲ್ಲ. ಅಧಿಸೂಚನೆಯಲ್ಲಿ ಅನುಬಂಧವೇ ಪ್ರಾಣ. ಇಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕುವಾರು ಹಳ್ಳಿಗಳ ಪಟ್ಟಿ ಇರುವುದು ಅಲ್ಲೇ. ಮುಂದಿನ ಭಾಗವನ್ನು ಎಷ್ಟೇ ಚೆನ್ನಾಗಿ ಸಾರಾಂಶ ಮಾಡಿದರೂ ನಮ್ಮ ಹಳ್ಳಿ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಪಟ್ಟಿಯನ್ನು ಹುಡುಕುವಾಗ ಒಂದು ತೊಡಕಿದೆ. ಹಳ್ಳಿಯ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ, ಕಂದಾಯ ಗ್ರಾಮದ ಹೆಸರಿನಲ್ಲಿ ಇರುತ್ತವೆ. ಜನ ಬಾಯಲ್ಲಿ ಕರೆಯುವ ಹೆಸರನ್ನು ಹಾಕಿ ಹುಡುಕಿ ‘ನಮ್ಮೂರು ಇಲ್ಲ’ ಎಂದು ನಿರಾಳವಾಗುವುದು ಸುಲಭ. ತಾಲ್ಲೂಕಿನ ಇಡೀ ಪಟ್ಟಿಯನ್ನು ಕಣ್ಣಾರೆ ಓದುವುದೇ ಸರಿಯಾದ ದಾರಿ. ಗ್ರಾಮ ಲೆಕ್ಕಿಗರ ಹತ್ತಿರ ಇರುವ ಹೆಸರಿನೊಂದಿಗೆ ತಾಳೆ ನೋಡಿದರೆ ಇನ್ನೂ ಒಳ್ಳೆಯದು.

ಈಗ ಸಾರಾಂಶ. ಅಧ್ಯಕ್ಷೆ ತೀರ್ಮಾನ ಮಾಡಬೇಕಾದವರು, ಅವರ ಬಳಿ ಐದು ನಿಮಿಷವಿದೆ. ಪಂಚಾಯಿತಿಯ ಐದು ಗ್ರಾಮಗಳಲ್ಲಿ ಮೂರು ಪಟ್ಟಿಯಲ್ಲಿವೆ ಎಂದು ಭಾವಿಸಿದರೆ ಮೇಷ್ಟ್ರು ಹೀಗೆ ಬರೆಯಬಹುದು:

‘ಇದು ಕೇಂದ್ರ ಪರಿಸರ ಸಚಿವಾಲಯದ ಕರಡು, ಅಂತಿಮ ಆದೇಶವಲ್ಲ. ನಮ್ಮ ಐದು ಗ್ರಾಮಗಳಲ್ಲಿ ಮೂರು ಇದರ ಪಟ್ಟಿಯಲ್ಲಿವೆ. ಅಂತಿಮವಾದರೆ ಆ ಮೂರರಲ್ಲಿ ಗಣಿ, ಕಲ್ಲುಕೋರೆ ಮತ್ತು ಮರಳು ತೆಗೆಯುವುದು ನಿಲ್ಲುತ್ತದೆ. ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕಾರ್ಖಾನೆ, ಭಾರಿ ಕಟ್ಟಡ ಮತ್ತು ಬಡಾವಣೆ ಯೋಜನೆಗಳು ಬರುವಂತಿಲ್ಲ. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಇದು ಅಡ್ಡಿ ಮಾಡುವುದಿಲ್ಲ. ಊರು ಬಿಡಿಸುವ ಮಾತು ಇದರಲ್ಲಿ ಇಲ್ಲ. ನಮಗೆ ನೇರವಾಗಿ ತಟ್ಟುವುದು ಕೋರೆ ಮತ್ತು ಹೊಳೆಯ ಮರಳು. ಆಕ್ಷೇಪಣೆ ಇದ್ದರೆ 60 ದಿನದೊಳಗೆ ಬರವಣಿಗೆಯಲ್ಲಿ ದೆಹಲಿಗೆ ಕಳಿಸಬೇಕು.’

ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಈ ಕೆಲವು ಸಾಲುಗಳನ್ನು ಬರೆಯಲು ದಾಖಲೆಯನ್ನು ಪೂರ್ತಿ ಓದಿರಬೇಕು. ‘ಊರು ಬಿಡಿಸುವ ಮಾತು ಇದರಲ್ಲಿ ಇಲ್ಲ’ ಎಂಬ ಮಾತನ್ನೇ ನೋಡಿ. ಇರುವುದನ್ನು ಹೇಳಲು ಒಂದು ಪುಟ ಓದಿದರೆ ಸಾಕು, ಇಲ್ಲದ್ದನ್ನು ಇಲ್ಲವೆನ್ನಲು ಎಲ್ಲ ಪುಟಗಳನ್ನೂ ಓದಬೇಕು. ಮುಖ್ಯಾಂಶಗಳನ್ನಾದರೆ ಓದುತ್ತ ಓದುತ್ತಲೇ ಹೆಕ್ಕಿ ಇಡಬಹುದು. ಸಾರಾಂಶವನ್ನು ಓದಿ ಮುಗಿಸಿದ ಮೇಲೆ, ದಾಖಲೆ ಮುಚ್ಚಿಟ್ಟು ಬರೆಯಬೇಕು. ಬರೆದ ಮೇಲೆ ತೆರೆದು ತಾಳೆ ನೋಡಬೇಕು. ‘ಸಾರಾಂಶ ಸಾಕು, ಜಾಸ್ತಿ ತೊಂದರೆ ತಗೋಬೇಡಿ’ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ.

ಸಾರಾಂಶ ಕೆಡುವುದು ಬಿಟ್ಟುಹೋದ ವಿಷಯದಿಂದ ಅಲ್ಲ. ಬಿಡುವುದೇ ಅದರ ಕೆಲಸ. ಕೆಡುವುದು ಉಳಿಸಿಕೊಂಡ ವಿಷಯದ ಷರತ್ತು ಕಳಚಿಬಿದ್ದಾಗ. ಕರಡಿನಲ್ಲಿ ಈಗ ನಡೆಯುತ್ತಿರುವ ಗಣಿಗಳ ಬಗ್ಗೆ ಇರುವ ಮಾತು ಇದು: ಅಂತಿಮ ಅಧಿಸೂಚನೆ ಬಂದ ದಿನದಿಂದ ಐದು ವರ್ಷದೊಳಗೆ, ಇಲ್ಲವೇ ಗುತ್ತಿಗೆ ಮುಗಿಯುವ ದಿನಕ್ಕೆ, ಇವೆರಡರಲ್ಲಿ ಯಾವುದು ಮೊದಲೋ ಆಗ ನಿಲ್ಲಬೇಕು. ಇದನ್ನು ‘ಕೋರೆಗಳಿಗೆ ಐದು ವರ್ಷ ಕಾಲಾವಕಾಶ’ ಎಂದು ಚಿಕ್ಕದಾಗಿಸಿದರೆ ಓದಲು ಚೆಂದ. ಆದರೆ ಇನ್ನೆರಡು ವರ್ಷಕ್ಕೆ ಗುತ್ತಿಗೆ ಮುಗಿಯುವ ಕೋರೆಯ ಯಜಮಾನನಿಗೆ, ಅಲ್ಲಿ ಕಲ್ಲೊಡೆಯುವ ಮೂವತ್ತು ಜನಕ್ಕೆ ಅದು ಸುಳ್ಳು ಮಾತು. 60 ದಿನದ ಲೆಕ್ಕದಲ್ಲೂ ಇಂಥದೇ ಒಂದು ಗಂಟಿದೆ. ಗಡುವು ಓಡುವುದು ಅಧಿಸೂಚನೆಯ ಮೇಲಿನ ದಿನಾಂಕದಿಂದ ಅಲ್ಲ. ಅದು ಅಚ್ಚಾದ ರಾಜ್ಯಪತ್ರದ ಪ್ರತಿಗಳು ಸಾರ್ವಜನಿಕರ ಕೈಗೆ ಸಿಗುವಂತಾದ ದಿನದಿಂದ. ಹಾಗೆಂದು ಕಾಯುತ್ತ ಕೂರಬೇಕಿಲ್ಲ. ಸಾರಾಂಶದಲ್ಲಿ ಹತ್ತಿರದ ದಿನಾಂಕವನ್ನೇ ಬರೆಯುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ. ದಾಖಲೆಯ ಹೊರಗಿನ ಮಾತು ಸಾರಾಂಶದೊಳಗೆ ನುಸುಳಬಾರದು. 2013ರ ನವೆಂಬರ್ 13ರಂದು ಸಚಿವಾಲಯ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ನಿನಡಿ ರಾಜ್ಯಗಳಿಗೆ ಒಂದು ನಿರ್ದೇಶನ ಕೊಟ್ಟಿತ್ತು. ಕಸ್ತೂರಿರಂಗನ್ ತಂಡ ಗುರುತಿಸಿದ ಜಾಗದಲ್ಲಿ ಈ ಬಗೆಯ ಯೋಜನೆಗಳಿಗೆ ಅದರಿಂದಲೇ ತಡೆ ಬಿದ್ದಿತ್ತು. ‘ಕರಡು ತಾನೇ, ಇನ್ನೂ ಏನೂ ಆಗಿಲ್ಲ’ ಎನ್ನುವ ಅಧ್ಯಕ್ಷೆಗೆ ಇದು ಗೊತ್ತಿರಬೇಕಾದ ಸಂಗತಿ. ಇದನ್ನು ಹೇಳಲೇಬೇಕು, ಆದರೆ ಕೆಳಗೆ ಗೆರೆ ಎಳೆದು, ‘ಇದು ನಾನು ಸೇರಿಸಿದ್ದು, ದಾಖಲೆಯದಲ್ಲ’ ಎಂದು ಬರೆದು. ಎರಡನ್ನೂ ಕಲಸಿದರೆ ನಾಳೆ ಯಾರಾದರೂ ‘ಇದು ಯಾವ ಪುಟದಲ್ಲಿದೆ?’ ಎಂದು ಕೇಳಿದಾಗ ಉತ್ತರವಿರುವುದಿಲ್ಲ.

ಪುಟದ ಮಾತು ಬಂತು. ಮುಖ್ಯಾಂಶಗಳ ಜೀವ ಇರುವುದೇ ಅಲ್ಲಿ. ಗುರುವಾರದ ಮೀಟಿಂಗಿಗೆ ಹೋಗುವ ಅಧ್ಯಕ್ಷೆ ಮತ್ತು ಪಿಡಿಒ ಕೈಯಲ್ಲಿ ಮೂಲ ಪ್ರತಿ ಇರುತ್ತದೆ. ಅವರಿಗೆ ಬೇಕಾದದ್ದು ದಾಖಲೆಯೊಳಗೆ ಹೋಗುವ ಬಾಗಿಲುಗಳು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಹಳೆಯ ಕ್ರಮವೇ ಇದೆ: ಕಡತದಲ್ಲಿ ಪತ್ರಗಳಿಗೆ ಪುಟ ಸಂಖ್ಯೆ ಹಾಕಿ, ಮೇಲಿನ ಟಿಪ್ಪಣಿ ಹಾಳೆಯಲ್ಲಿ ಒಂದೊಂದು ಮಾತಿಗೂ ಆ ಸಂಖ್ಯೆ ತೋರಿಸುವುದು. ‘ಪರಿಶೀಲಿಸಿ ಮಂಡಿಸಿ’ ಎಂದು ಸಾಹೇಬರು ಬರೆದ ಕಡತಕ್ಕೆ ಒಳ್ಳೆಯ ಗುಮಾಸ್ತರು ಹಾಗೇ ಟಿಪ್ಪಣಿ ಬರೆಯುತ್ತಿದ್ದರು. ಮೇಷ್ಟ್ರ ಪಟ್ಟಿಯಲ್ಲೂ ಪ್ರತಿ ಸಾಲಿನ ತುದಿಯಲ್ಲಿ ಕಂಡಿಕೆಯ ಸಂಖ್ಯೆ, ಪುಟ ಇರಬೇಕು. ಕೋರೆ, ಇಷ್ಟನೇ ಕಂಡಿಕೆ. ಕಟ್ಟಡ, ಇಷ್ಟನೇ ಕಂಡಿಕೆ. ನಮ್ಮ ಮೂರು ಗ್ರಾಮಗಳು, ಅನುಬಂಧದ ಇಷ್ಟನೇ ಪುಟ. ಸಂಖ್ಯೆಯಿಲ್ಲದ ಮುಖ್ಯಾಂಶ ಕೇಳಿದ ಸುದ್ದಿಗಿಂತ ಹೆಚ್ಚಿನದಲ್ಲ; ತಹಶೀಲ್ದಾರರ ಎದುರು ಅದು ನಿಲ್ಲುವುದಿಲ್ಲ.

ಮುಖ್ಯಾಂಶಗಳಿಗೆ ಒಂದು ಹುಟ್ಟುದೋಷವಿದೆ. ಸಾಲುಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದ ಕೂಡಲೇ ಅವುಗಳ ನಡುವಿದ್ದ ‘ಆದ್ದರಿಂದ’, ‘ಆದರೆ’, ‘ಹೊರತು’ಗಳು ಮಾಯವಾಗುತ್ತವೆ. ಇದರ ಬೆಲೆ ಏನಾಗಬಹುದು ಎಂಬುದಕ್ಕೆ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯ ಕಥೆಯನ್ನು ಓದಬೇಕು. 2003ರ ಜನವರಿಯಲ್ಲಿ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ನೊರೆಹೊದಿಕೆಯ ತುಂಡೊಂದು ಕಿತ್ತು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ಅಪಾಯವಿದೆಯೇ ಎಂದು ಲೆಕ್ಕ ಹಾಕಿ ನಾಸಾದ ಅಧಿಕಾರಿಗಳಿಗೆ ಪವರ್‌ಪಾಯಿಂಟಿನಲ್ಲಿ ಮುಖ್ಯಾಂಶ ಮಂಡಿಸಿದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಹಳೆಯ ಪರೀಕ್ಷೆಗಳು ನಿರಾಳವಾಗಿರಲು ಕಾರಣ ಕೊಡುತ್ತವೆ ಎಂಬ ಭಾವನೆ ಬರುವಂತಿತ್ತು. ಅದೇ ಸ್ಲೈಡಿನ ತೀರಾ ಕೆಳಗೆ, ಒಳಗೊಳಗೆ ಸರಿಸಿದ ಪುಟ್ಟ ಸಾಲೊಂದರಲ್ಲಿ ಅಸಲಿ ಸಂಗತಿ ಇತ್ತು: ಬಡಿದ ತುಂಡಿನ ಗಾತ್ರ 1,920 ಘನ ಅಂಗುಲ ಎಂಬ ಅಂದಾಜು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ. ಅಂದರೆ 640 ಪಟ್ಟು ದೊಡ್ಡದು. ಪರೀಕ್ಷೆಯ ಆಧಾರದ ಮೇಲೆ ಏನನ್ನೂ ಹೇಳಲಾಗದು ಎಂಬುದೇ ಅದರ ಅರ್ಥ. ಅದು ತಲೆಬರಹವಾಗಬೇಕಿತ್ತು, ಅಡಿಬರಹವಾಯಿತು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ ಏಳು ಜನರೂ ಸತ್ತರು. ಅಪಘಾತದ ತನಿಖಾ ಮಂಡಳಿ ಆ ಸ್ಲೈಡನ್ನು ತನ್ನ ವರದಿಯಲ್ಲೇ ಅಚ್ಚು ಹಾಕಿಸಿ, ತಾಂತ್ರಿಕ ಪ್ರಬಂಧ ಇರಬೇಕಾದಲ್ಲಿ ಸ್ಲೈಡುಗಳನ್ನು ಇಡುವ ರೂಢಿಯನ್ನು ಟೀಕಿಸಿತು. ಮಾಹಿತಿಯನ್ನು ಕಾಣಿಸುವ ಬಗೆಯ ಬಗ್ಗೆ ಬರೆಯುವ ಎಡ್ವರ್ಡ್ ಟಫ್ಟಿ ಅದನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದ್ದಾರೆ.

ಆ ಸ್ಲೈಡಿನಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲ ಸಾಲುಗಳೂ ಇದ್ದವು, ಯಾವುದರ ತೂಕ ಎಷ್ಟು ಎಂಬುದು ಇರಲಿಲ್ಲ. ಅದಕ್ಕೇ ಮುಖ್ಯಾಂಶಗಳ ಪಟ್ಟಿ ಮಾಡುವಾಗ ದಾಖಲೆಯಲ್ಲಿರುವ ಕ್ರಮವನ್ನು ಹಾಗೇ ಇಳಿಸದೆ, ಮೀಟಿಂಗಿನಲ್ಲಿ ಯಾವ ಮಾತು ಬಗೆಹರಿಯಬೇಕೋ ಅದನ್ನು ಮೇಲಿಡಬೇಕು. ‘ಆದರೆ’ ಇರುವ ಸಾಲನ್ನು ಒಡೆದು ಎರಡಾಗಿಸಬಾರದು.

ಗಾಡ್ಗೀಳ್ ವರದಿಗೆ ಆದದ್ದು ಇದರದೇ ಇನ್ನೊಂದು ರೂಪ. ಆ ವರದಿ ಇಡೀ ಘಟ್ಟವನ್ನು ಮೂರು ವಲಯಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಏನಿರಬಹುದು, ಏನು ಕೂಡದು ಎಂದು ಕೋಷ್ಟಕದಲ್ಲಿ ಹೇಳಿತ್ತು. ಕೋಷ್ಟಕ ಕಂಡರೆ ಮುಖ್ಯಾಂಶ ಹೆಕ್ಕುವವರಿಗೆ ಹಬ್ಬ. ರಾಸಾಯನಿಕ ಕೀಟನಾಶಕಗಳನ್ನು ಹಂತಹಂತವಾಗಿ ಕೈಬಿಡಬೇಕು ಎಂಬುದು ಅದರ ಒಂದು ಸಲಹೆ. ಮೊದಲ ವಲಯದಲ್ಲಿ ಐದು ವರ್ಷ, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು. ಜೊತೆಗೆ ಸಾವಯವಕ್ಕೆ ಹೊರಳುವ ರೈತರಿಗೆ ಪ್ರೋತ್ಸಾಹಧನ ಕೊಡುವ ಮಾತೂ ಇತ್ತು. ಇವೆಲ್ಲವನ್ನೂ ಗ್ರಾಮಸಭೆಗಳ ಮುಂದಿಟ್ಟು ಸ್ಥಳೀಯರೊಂದಿಗೆ ಚರ್ಚಿಸಿಯೇ ತೀರ್ಮಾನಿಸಬೇಕು ಎಂಬುದು ವರದಿಯ ತಳಹದಿ. ಅಡಿಕೆಗೆ ಔಷಧಿ ಹೊಡೆಯುವ ರೈತನ ಕಿವಿಗೆ ‘ಔಷಧಿ ಬಂದ್ ಅಂತೆ’ ಎಂಬ ಮೂರು ಪದ ಬಿದ್ದರೆ ವರ್ಷದ ಲೆಕ್ಕ ಹೋಯಿತು, ಪ್ರೋತ್ಸಾಹಧನ ಹೋಯಿತು, ಗ್ರಾಮಸಭೆಯೂ ಹೋಯಿತು. ಉಳಿಯುವುದು ಬೆದರಿಕೆ ಮಾತ್ರ.

ಸರ್ಕಾರಗಳೂ ಇದರಲ್ಲಿ ಪಾಲುದಾರರೇ. ವರದಿಯನ್ನು ಸಚಿವಾಲಯ ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿತ್ತು. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು ಇಷ್ಟಾದ ಮೇಲೆ 2012ರ ಮೇ ತಿಂಗಳಲ್ಲಿ ಹೊರಬಂತು. ಮಹಾರಾಷ್ಟ್ರದಲ್ಲಿ ಅದರ ಮರಾಠಿ ಸಾರಾಂಶವನ್ನು ತಿರುಚಿ ಪ್ರಕಟಿಸಲಾಯಿತು ಎಂದು ಗಾಡ್ಗೀಳ್ ಅವರೇ ಬರೆದಿದ್ದಾರೆ. ನನ್ನ ಮಟ್ಟಿಗೆ ಆ ಪ್ರಸಂಗ ಹೇಳುವುದು ಬೇರೆ ಸಂಗತಿಯನ್ನು. ವಾದ ಮಾಡುವ ವರದಿಯನ್ನು ಜನರ ಅಭಿಪ್ರಾಯ ಕೇಳಲು ಕಳಿಸುವಾಗ ಸಾರಾಂಶವನ್ನು ಕಳಿಸುವುದೇ ತಪ್ಪು, ಅದು ಪ್ರಾಮಾಣಿಕವಾಗಿದ್ದರೂ. ಜನ ಅಭಿಪ್ರಾಯ ಹೇಳಬೇಕಾದದ್ದು ವಾದದ ಬಗ್ಗೆ. ಸಾರಾಂಶದಲ್ಲಿ ಸಿಗುವುದು ವಾದದ ಫಲಿತಾಂಶ. ಅಲ್ಲಿ ಬೇಕಾದದ್ದು ಮರುಬರಹ.

ಮರುಬರಹವೆಂದರೆ ಅನುವಾದವಲ್ಲ. ಅನುವಾದಕ ಮೂಲದ ವಾಕ್ಯಕ್ಕೆ ನಿಷ್ಠ, ಮರುಬರಹದವನು ಮೂಲದ ಕಟ್ಟಳೆಗೆ ನಿಷ್ಠ. ಯಾವ ಹಕ್ಕು, ಯಾವ ನಿಷೇಧ, ಯಾವ ವಿನಾಯಿತಿ, ಯಾವ ಗಡುವೂ ಬಿಟ್ಟುಹೋಗಬಾರದು. ವಾಕ್ಯ, ಕ್ರಮ, ಶೈಲಿ ಬೇಕಾದಂತೆ ಬದಲಾಗಬಹುದು. ಅದಕ್ಕೇ ಮರುಬರಹ ಮೂಲಕ್ಕಿಂತ ಉದ್ದವಾಗುವುದೂ ಉಂಟು. ಮನೆ ಕಟ್ಟುವ ಭಯವೇ ಊರಿನಲ್ಲಿ ದೊಡ್ಡದಾಗಿದ್ದರೆ ಕಟ್ಟಡದ ಅಂಶವನ್ನೇ ತೆಗೆದುಕೊಂಡು ನೋಡೋಣ. ಮೂಲದಲ್ಲಿ ಅದು ಒಂದೆರಡು ವಾಕ್ಯ: 20,000 ಚದರ ಮೀಟರ್ ಮತ್ತು ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಹೊಸ ಹಾಗೂ ವಿಸ್ತರಣಾ ಯೋಜನೆಗಳು, 50 ಹೆಕ್ಟೇರ್ ಅಥವಾ ಹೆಚ್ಚಿನ ಜಾಗದ ಇಲ್ಲವೇ 1,50,000 ಚದರ ಮೀಟರ್ ಮತ್ತು ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಬಡಾವಣೆಗಳು ನಿಷಿದ್ಧ. ಸಾರಾಂಶದಲ್ಲಿ ಇದು ‘ಭಾರಿ ಕಟ್ಟಡ’ ಎಂಬ ಎರಡು ಪದವಾಯಿತು. ಅಧ್ಯಕ್ಷೆಗೆ ಅಷ್ಟು ಸಾಕು. ಮುಖ್ಯಾಂಶದಲ್ಲಿ ಅಂಕಿ ಮತ್ತು ಕಂಡಿಕೆಯ ಸಂಖ್ಯೆ. ಮೀಟಿಂಗಿಗೆ ಅಷ್ಟು ಸಾಕು. ಗ್ರಾಮಸಭೆಯಲ್ಲಿ ಓದುವ ಬರಹದಲ್ಲಿ ಹೀಗಿರಬೇಕಾಗುತ್ತದೆ:

‘ಒಂದೇ ಯೋಜನೆಯಲ್ಲಿ ಕಟ್ಟುವ ಜಾಗವೆಲ್ಲ ಸೇರಿ 20,000 ಚದರ ಮೀಟರ್, ಅಂದರೆ ಸುಮಾರು 2,15,000 ಚದರಡಿ ಮುಟ್ಟಿದರೆ ಅಥವಾ ದಾಟಿದರೆ ಅದಕ್ಕೆ ಅವಕಾಶವಿಲ್ಲ. ಹನ್ನೆರಡು ನೂರು ಚದರಡಿಯ ಸುಮಾರು 180 ಮನೆಗಳನ್ನು ಒಬ್ಬರೇ ಒಟ್ಟಿಗೆ ಕಟ್ಟಿದರೆ ಅಷ್ಟಾಗುತ್ತದೆ. ನೀವು ನಿಮ್ಮ ಜಾಗದಲ್ಲಿ ಕಟ್ಟುವ ಮನೆ, ಕೊಟ್ಟಿಗೆ, ಅಡಿಕೆ ಗೋದಾಮು ಇದರ ಹತ್ತಿರಕ್ಕೂ ಬರುವುದಿಲ್ಲ. ಈಗಿರುವ ಮನೆಯನ್ನು ರಿಪೇರಿ ಮಾಡಲು, ಒಂದು ಕೋಣೆ ಸೇರಿಸಲು ಈ ಕರಡು ತಡೆ ಹಾಕಿಲ್ಲ. ಆದರೆ ಪಂಚಾಯಿತಿ ಪರವಾನಗಿ, ಅರಣ್ಯ ಮತ್ತು ಕಂದಾಯ ಕಾನೂನುಗಳು ಮೊದಲಿನಂತೆಯೇ ಇರುತ್ತವೆ. ಬಡಾವಣೆಯ ಮಾತು ಬಂದರೆ, 50 ಹೆಕ್ಟೇರ್ ಎಂದರೆ ಸುಮಾರು 123 ಎಕರೆ.’

ಕೊನೆಯ ‘ಆದರೆ’ಯನ್ನು ಬಿಡಬೇಕೆಂಬ ಆಸೆ ಆಗುತ್ತದೆ, ಏಕೆಂದರೆ ಜನರನ್ನು ಸಮಾಧಾನ ಮಾಡುವ ಉತ್ಸಾಹದಲ್ಲಿ ಅದು ಅಡ್ಡ ಬರುತ್ತದೆ. ಬಿಟ್ಟರೆ ನಾಳೆ ಅರಣ್ಯ ಇಲಾಖೆಯವರು ಒತ್ತುವರಿ ಎಂದು ತಡೆದಾಗ ‘ಮೇಷ್ಟ್ರು ಅಡ್ಡಿಯಿಲ್ಲ ಅಂದಿದ್ರು’ ಎಂಬ ಮಾತು ಬರುತ್ತದೆ. ಮರುಬರಹದ ಅಪಾಯವೇ ಇದು. ಚೆನ್ನಾಗಿ ಬರೆದಷ್ಟೂ ಜನ ಅದನ್ನೇ ಮೂಲವೆಂದು ನಂಬುತ್ತಾರೆ. ಹಾಗಾಗಿ ಮೊದಲ ಸಾಲಿನಲ್ಲೇ ಇದು ಯಾವ ದಿನಾಂಕದ ಯಾವ ಕರಡನ್ನು ನೋಡಿ ಬರೆದದ್ದು, ಬರೆದವರು ಯಾರು, ಸರ್ಕಾರದ ಪ್ರಕಟಣೆಯಲ್ಲ ಎಂದು ಇರಲೇಬೇಕು. ಪಶ್ಚಿಮ ಘಟ್ಟದ ವಿಷಯದಲ್ಲಂತೂ ಆರು ಕರಡುಗಳಿವೆ. ಹಳೆಯ ಕರಡಿನ ಮರುಬರಹ ಹೊಸ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ತೇಲಿಬರುವುದು ತಪ್ಪಿದ್ದಲ್ಲ.

ಮರುಬರಹ ಸರಿಯಾಗಿದೆಯೇ ಎಂದು ನೋಡಲು ಬೇರೊಬ್ಬರ ಕೈಗೆ ಕೊಡಬೇಕು. ಓದಿದವರು ‘ಚೆನ್ನಾಗಿದೆ’ ಎಂದರೆ ಏನೂ ತಿಳಿಯುವುದಿಲ್ಲ. ಪ್ರಶ್ನೆ ಕೇಳಬೇಕು: ‘ನಿನ್ನ ತಮ್ಮ ಹೊಳೆಯಿಂದ ಟ್ರಾಕ್ಟರಿನಲ್ಲಿ ಮರಳು ತರ್ತಾನಲ್ಲ, ಇದು ಬಂದ್ರೆ ಏನಾಗುತ್ತೆ?’ ಓದಿದವರು ಕಾಗದ ನೋಡಿ ಸರಿಯಾದ ಉತ್ತರ ಹೇಳಿದರೆ ಬರಹ ನಿಂತಿದೆ. ಸಾರಾಂಶಕ್ಕೆ ಪರೀಕ್ಷೆ ಬೇರೆ: ಓದಿದವರು ಮಾಡುವ ತೀರ್ಮಾನ, ಪೂರ್ತಿ ಓದಿದವರು ಮಾಡುವ ತೀರ್ಮಾನಕ್ಕೆ ಸಮವಾಗಿರಬೇಕು. ಮುಖ್ಯಾಂಶಕ್ಕೆ ಇನ್ನೂ ಸರಳ: ಯಾವುದೋ ಒಂದು ಸಾಲು ಹಿಡಿದು ಮೂಲದಲ್ಲಿ ಆ ಪುಟ ತೆರೆದರೆ ಆ ಮಾತು ಅಲ್ಲಿರಬೇಕು.

ಅಧ್ಯಕ್ಷೆ ಫೋನೇ ಎತ್ತದಿದ್ದರೆ? ಆಗುವುದುಂಟು, ‘ನೋಡಿ’ ಎಂದು ಕಳಿಸಿದವರು ಆಮೇಲೆ ಎರಡು ದಿನ ಸಿಗುವುದಿಲ್ಲ. ಆಗ ನಾನು ಸಾರಾಂಶದ ಪರ. ಸಾರಾಂಶಕ್ಕಾಗಿ ಪೂರ್ತಿ ಓದುವುದರಿಂದ ಮುಂದೆ ಬೇರೆ ಯಾವುದನ್ನು ಕೇಳಿದರೂ ಅರ್ಧ ಕೆಲಸ ಮುಗಿದಿರುತ್ತದೆ. ಮರುಬರಹವನ್ನು ಊಹೆಯ ಮೇಲೆ ಶುರು ಮಾಡಿದರೆ ವಾರ ಹೋಗುತ್ತದೆ. ಅವರಿಗೆ ಬೇಕಿದ್ದದ್ದು ‘ನಮ್ಮೂರು ಇದೆಯೋ ಇಲ್ಲವೋ’ ಎಂಬ ಒಂದೇ ಉತ್ತರವಾಗಿರಬಹುದು. ಆದರೆ ಸಾರಾಂಶದ ತಲೆಯ ಮೇಲೆ ಊಹೆಯನ್ನು ಬಿಚ್ಚಿ ಬರೆಯಬೇಕು: ‘ಆಕ್ಷೇಪಣೆ ಹಾಕಬೇಕೋ ಎಂದು ತೀರ್ಮಾನಿಸಲು ನೀವು ಕೇಳಿದ್ದೀರಿ ಎಂದುಕೊಂಡು ಬರೆದಿದ್ದೇನೆ. ಗ್ರಾಮಸಭೆಗಾದರೆ ಇದನ್ನು ಓದಿ ಹೇಳಬೇಡಿ, ಬೇರೆ ಬರೆದುಕೊಡುತ್ತೇನೆ.’ ಎರಡನೆಯ ವಾಕ್ಯವನ್ನು ಮರೆಯುವವರೇ ಹೆಚ್ಚು. ತೀರ್ಮಾನಕ್ಕೆಂದು ಬರೆದ ಆರು ಸಾಲು ಮೈಕಿನಲ್ಲಿ ಓದಿಸಿಕೊಂಡು ಜಗಳಕ್ಕೆ ಕಾರಣವಾಗುವುದು ಹೀಗೆಯೇ.

ಮೂರನ್ನೂ ಒಟ್ಟಿಗೆ ಮಾಡಿ ಕಳಿಸಿಬಿಡೋಣ ಎನ್ನುವವರಿದ್ದಾರೆ. ಬೇಡ. ಮೂರು ಕಾಗದ ಹೋದರೆ ಚಿಕ್ಕದು ಮಾತ್ರ ಓದಿಸಿಕೊಳ್ಳುತ್ತದೆ, ಗ್ರಾಮಸಭೆಗೂ ಅದೇ ಹೋಗುತ್ತದೆ.

ಕೊನೆಗೆ ಆಕ್ಷೇಪಣೆ ಬರೆಯುವ ದಿನ ಬಂದಾಗ ಈ ಮೂರನ್ನೂ ಪಕ್ಕಕ್ಕಿಡಬೇಕಾಗುತ್ತದೆ. ಸಚಿವಾಲಯಕ್ಕೆ ಹೋಗುವ ಪತ್ರದಲ್ಲಿ ಉಲ್ಲೇಖಿಸಬೇಕಾದದ್ದು ಅಧಿಸೂಚನೆಯ ಸಂಖ್ಯೆ, ದಿನಾಂಕ, ಕಂಡಿಕೆ ಮತ್ತು ಅದರದೇ ಪದಗಳು. ಅನುಬಂಧದಲ್ಲಿ ಗ್ರಾಮದ ಹೆಸರು ಯಾವ ಕಾಗುಣಿತದಲ್ಲಿದೆಯೋ ಅದೇ ಕಾಗುಣಿತ. ‘ನಮ್ಮ ಮೇಷ್ಟ್ರು ಬರೆದ ಸಾರಾಂಶದ ಪ್ರಕಾರ’ ಎಂದು ಶುರುವಾಗುವ ಆಕ್ಷೇಪಣೆಯನ್ನು ದೆಹಲಿಯಲ್ಲಿ ಯಾರೂ ಮುಂದಕ್ಕೆ ಓದುವುದಿಲ್ಲ. ಮುಖ್ಯಾಂಶಗಳ ಪಟ್ಟಿಯಲ್ಲಿ ಪುಟ, ಕಂಡಿಕೆಗಳ ಸಂಖ್ಯೆ ಸರಿಯಾಗಿದ್ದರೆ ಪಿಡಿಒ ಆ ಪತ್ರವನ್ನು ಒಂದು ಮಧ್ಯಾಹ್ನದಲ್ಲಿ ಸಿದ್ಧಪಡಿಸಬಹುದು. ಗ್ರಾಮಸಭೆಯ ನಿರ್ಣಯದ ಪ್ರತಿಯನ್ನು ಅದರೊಂದಿಗೆ ಲಗತ್ತಿಸಿ, ಅಂಚೆಯ ರಸೀದಿಯನ್ನು ಪಂಚಾಯಿತಿಯ ಕಡತದಲ್ಲಿ ಇಟ್ಟುಕೊಳ್ಳಬೇಕು.